ಚೌಕವೋ ಉದ್ದವೋ: ವಾಟ್ಸ್‌ಆ್ಯಪ್ ಕರೆಯೋಲೆಗೆ ಆಕಾರವನ್ನು ಆರಿಸುವ ಬಗೆ

ನಮ್ಮ ಚಿಕ್ಕಪ್ಪನ ಮಗಳ ಮದುವೆಗೆ ಮೊಬೈಲ್‌ನಲ್ಲಿ ಕಳುಹಿಸುವ ಕರೆಯೋಲೆಯನ್ನು ನಾನೇ ಸಿದ್ಧಪಡಿಸಿದ್ದೆ. ಡಿಟಿಪಿ ಕೆಲಸ ನನ್ನ ವೃತ್ತಿಯಾದ್ದರಿಂದ ಮನೆಯವರು ಆ ಹೊಣೆಯನ್ನು ನನಗೇ ಒಪ್ಪಿಸಿದ್ದರು. ಫೋನಿನ ಪರದೆಯನ್ನು ಪೂರ್ತಿ ತುಂಬುವಂತೆ 1080 × 1920 ಪಿಕ್ಸೆಲ್‌ಗಳ ಉದ್ದನೆಯ ಚಿತ್ರ, ಹಿನ್ನೆಲೆಯಲ್ಲಿ ಬಾಳೆ ಎಲೆಯ ಹಸಿರು, ಅದರ ಮೇಲೆ ಕುಂಕುಮದ ಕೆಂಪಿನಲ್ಲಿ ಇಪ್ಪತ್ತಾರು ಸಾಲುಗಳ ಬರಹ. ನನ್ನ ಕಂಪ್ಯೂಟರಿನಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು. ಕಳುಹಿಸಿದ ಸಂಜೆಯೇ ತೀರ್ಥಹಳ್ಳಿಯಿಂದ ದೊಡ್ಡಮ್ಮ ಫೋನ್ ಮಾಡಿ, "ಮುಹೂರ್ತ ಆರು ಗಂಟೆಗೋ ಒಂಬತ್ತು ಗಂಟೆಗೋ ಹೇಳು ಮಾರಾಯ, ಅಕ್ಷರ ಎಲ್ಲ ಕಲಸಿಕೊಂಡು ಬಂದಿದೆ" ಎಂದರು. ಅವರ ಫೋನಿನಲ್ಲಿ ೯-೩೬ ಎಂಬುದರ ಮೊದಲ ಅಂಕಿ ೬ ಎಂದು ಓದಿದರೂ ನಡೆಯುವ ಹಾಗಿತ್ತು. ಕರೆಯೋಲೆಯಲ್ಲಿ ತಪ್ಪಬಾರದ ಒಂದೇ ಒಂದು ಸಂಗತಿ ಅಲ್ಲಿ ತಪ್ಪಿತ್ತು.

ಆ ಚಿತ್ರವನ್ನು ಮತ್ತೆ ಮಾಡುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಲಿಸಬೇಕಾದ ಆಕಾರಗಳು ಮೂರು: 1080 × 1080 ಅಳತೆಯ ಚೌಕ, 1080 × 1350 ಅಳತೆಯ ಗಿಡ್ಡ ಉದ್ದ, 1080 × 1920 ಅಳತೆಯ ಪೂರ್ಣ ಉದ್ದ. ಮೂರರಲ್ಲೂ ಅಗಲ ಒಂದೇ ಎಂಬುದನ್ನು ಮೊದಲೇ ಗಮನಿಸಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಉದ್ದ ಹೆಚ್ಚಿದರೆ ಅಕ್ಷರ ದೊಡ್ಡದಾಗುವುದಿಲ್ಲ

ಉದ್ದನೆಯ ಚಿತ್ರದಲ್ಲಿ ಬರಹ ದೊಡ್ಡದಾಗಿ ಕಾಣುತ್ತದೆ ಎಂದು ಅನೇಕರು ನಂಬಿದ್ದಾರೆ, ನಾನೂ ನಂಬಿದ್ದೆ. ಫೋನನ್ನು ನೆಟ್ಟಗೆ ಹಿಡಿದು ಚಿತ್ರವನ್ನು ಪೂರ್ಣ ಪರದೆಯಲ್ಲಿ ತೆರೆದಾಗ, ಚೌಕವಿರಲಿ ಉದ್ದವಿರಲಿ, ಚಿತ್ರದ ಅಗಲ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಪರದೆಯ ಅಗಲ ಸುಮಾರು 6.8 ಸೆಂಟಿಮೀಟರ್ ಎಂದು ಹಿಡಿದರೆ, 1080 ಪಿಕ್ಸೆಲ್‌ಗಳು ಆ 6.8 ಸೆಂಟಿಮೀಟರಿನಲ್ಲಿ ಕೂರುತ್ತವೆ. ಅಂದರೆ ಒಂದು ಮಿಲಿಮೀಟರಿಗೆ ಸರಿಸುಮಾರು 16 ಪಿಕ್ಸೆಲ್. 44 ಪಿಕ್ಸೆಲ್ ಗಾತ್ರದ ಫಾಂಟ್ ಮೂರು ಆಕಾರಗಳಲ್ಲೂ 2.8 ಮಿಲಿಮೀಟರ್ ಆಗಿಯೇ ಕಾಣುತ್ತದೆ. ಉದ್ದನೆಯ ಚಿತ್ರ ಕೊಡುವುದು ಹೆಚ್ಚು ಸಾಲುಗಳಿಗೆ ಜಾಗವನ್ನು ಮಾತ್ರ. ಆ ಜಾಗ ಸಿಕ್ಕಿತೆಂದು ಇನ್ನಷ್ಟು ಹೆಸರುಗಳನ್ನು ತುಂಬಿ, ಅವು ಹಿಡಿಯುವಂತೆ ಫಾಂಟನ್ನು 30 ಪಿಕ್ಸೆಲ್‌ಗೆ ಇಳಿಸಿದರೆ, ಚೌಕಕ್ಕಿಂತ ಉದ್ದವೇ ಓದಲು ಕಷ್ಟವಾಗುತ್ತದೆ. ನನ್ನ ಮೊದಲ ಕರೆಯೋಲೆಯಲ್ಲಿ ಆದದ್ದು ಇದೇ.

ಫಾಂಟಿನ ಗಾತ್ರ 2.8 ಮಿಲಿಮೀಟರ್ ಎಂದರೆ ಅಕ್ಷರದ ಎತ್ತರ ಅಷ್ಟು ಎಂದಲ್ಲ. ಆ ಗಾತ್ರದೊಳಗೆ ಮೇಲಿನ ತಲಕಟ್ಟು, ಗುಡಿಸು, ಕೆಳಗಿನ ಒತ್ತಕ್ಷರ ಎಲ್ಲಕ್ಕೂ ಪಾಲು ಹೋಗಿ, ಮೂಲಾಕ್ಷರಕ್ಕೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಒತ್ತಕ್ಷರ ಅದಕ್ಕಿಂತಲೂ ಚಿಕ್ಕದು. 'ದ' ಮತ್ತು 'ಧ' ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳು. 'ಬ' ಮತ್ತು 'ಭ', 'ಪ' ಮತ್ತು 'ಫ' ಜೋಡಿಗಳಲ್ಲಿಯೂ ಹಾಗೆಯೇ. 'ಪ'ದ ಹೊಟ್ಟೆಯಲ್ಲಿ ಒಂದು ಗೆರೆ ಬಿದ್ದರೆ 'ಷ'. ಇಂಗ್ಲಿಷ್ ಅಕ್ಷರಗಳಿಗೆ ಸಾಲುವ ಗಾತ್ರ ಕನ್ನಡಕ್ಕೆ ಸಾಲದಿರುವುದು ಈ ಕಾರಣಕ್ಕೆ. ಇಂಗ್ಲಿಷ್ ಮಾದರಿಯ ಸಿದ್ಧ ವಿನ್ಯಾಸವನ್ನು ತೆಗೆದುಕೊಂಡು ಅದರಲ್ಲಿ ಕನ್ನಡವನ್ನು ತುಂಬುವವರು ಮೊದಲು ಎಡವುವುದೂ ಇಲ್ಲಿಯೇ. 1080 ಅಗಲದ ಚಿತ್ರದಲ್ಲಿ ಕನ್ನಡದ ಸಾಧಾರಣ ಸಾಲುಗಳಿಗೆ 44 ಪಿಕ್ಸೆಲ್, ತೀರ ಅನಿವಾರ್ಯವಾದಲ್ಲಿ 36 ಪಿಕ್ಸೆಲ್. ಅದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ಸಾಲುಗಳ ನಡುವಿನ ಅಂತರವೂ ಫಾಂಟಿನ ಗಾತ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಇರಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಈ ಅಳತೆಯಿಟ್ಟುಕೊಂಡು ಸಾಲುಗಳನ್ನು ಎಣಿಸಿ ನೋಡೋಣ. 44 ಪಿಕ್ಸೆಲ್ ಗಾತ್ರಕ್ಕೆ ಒಂದು ಸಾಲು ಸುಮಾರು 70 ಪಿಕ್ಸೆಲ್ ಎತ್ತರವನ್ನು ಬೇಡುತ್ತದೆ. ಚೌಕದಲ್ಲಿ ಮೇಲೆ ಕೆಳಗೆ ತಲಾ 90 ಪಿಕ್ಸೆಲ್ ಅಂಚು ಬಿಟ್ಟರೆ ಉಳಿಯುವ 900 ಪಿಕ್ಸೆಲ್‌ನಲ್ಲಿ ಹನ್ನೆರಡು ಸಾಲುಗಳು ಹಿಡಿಯುತ್ತವೆ. ಅದೇ ಅಂಚು ಬಿಟ್ಟು 1350ರ ಉದ್ದದಲ್ಲಿ ಹದಿನಾರು ಸಾಲುಗಳು. 1920ರ ಉದ್ದದಲ್ಲಿ ಇಪ್ಪತ್ತನಾಲ್ಕು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಆ ಆಕಾರದ ಸಹಜ ನೆಲೆ ಸ್ಟೇಟಸ್; ಅಲ್ಲಿ ಮೇಲ್ಭಾಗದಲ್ಲಿ ಹಾಕಿದವರ ಹೆಸರು, ಕೆಳಭಾಗದಲ್ಲಿ ಉತ್ತರಿಸುವ ಪಟ್ಟಿ ಬಂದು ಕೂರುತ್ತವೆ. ಅವುಗಳ ಅಡಿಯಲ್ಲಿ ಬರಹ ಸಿಕ್ಕಿಕೊಳ್ಳದಂತೆ ಎರಡೂ ಕಡೆ ಸುಮಾರು 250 ಪಿಕ್ಸೆಲ್ ಬಿಟ್ಟರೆ ಉಳಿಯುವುದು 1420 ಪಿಕ್ಸೆಲ್, ಅಂದರೆ ಇಪ್ಪತ್ತು ಸಾಲು. ಗಿಡ್ಡ ಉದ್ದಕ್ಕಿಂತ 570 ಪಿಕ್ಸೆಲ್ ಹೆಚ್ಚು ಎತ್ತರದ ಚಿತ್ರ ನಿಜವಾಗಿ ಕೊಡುವುದು ನಾಲ್ಕೇ ಸಾಲುಗಳ ಲಾಭ.

ಕಳುಹಿಸುವ ಹಾದಿಯಲ್ಲಿ ಚಿತ್ರಕ್ಕೆ ಆಗುವುದೇನು

ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಫೋಟೋ ಎಂದು ಕಳುಹಿಸಿದಾಗ ಅದು ಹಾಗೆಯೇ ಹೋಗುವುದಿಲ್ಲ. ಆ್ಯಪ್ ಅದನ್ನು ಮತ್ತೊಮ್ಮೆ ಜೆಪೆಗ್ ಆಗಿ ಒತ್ತಿ, ಅಂದರೆ ಕಂಪ್ರೆಸ್ ಮಾಡಿ, ಕಡತದ ತೂಕ ಇಳಿಸಿ ಕಳುಹಿಸುತ್ತದೆ. ಸಾಧಾರಣ ಗುಣಮಟ್ಟದಲ್ಲಿ ಉದ್ದದ ಬದಿ ಸುಮಾರು 1600 ಪಿಕ್ಸೆಲ್ ದಾಟದಂತೆ ಅಳತೆಯನ್ನೂ ಕುಗ್ಗಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ಮಿತಿ ಆ್ಯಪ್‌ನ ಆವೃತ್ತಿಯ ಪ್ರಕಾರ ಬದಲಾಗಬಹುದಾದ್ದರಿಂದ, ಇನ್ನೊಂದು ಫೋನಿಗೆ ಕಳುಹಿಸಿ, ಅಲ್ಲಿ ಗ್ಯಾಲರಿಯಲ್ಲಿ ಚಿತ್ರದ ವಿವರವನ್ನು ತೆರೆದು ಅಳತೆಯನ್ನು ಓದಿಕೊಳ್ಳುವುದು ಒಳ್ಳೆಯದು. ಒಂದು ನಿಮಿಷದ ಕೆಲಸ.

ಆಕಾರದ ಆಯ್ಕೆಗೆ ಈ ಮಿತಿಯೇ ನಿರ್ಣಾಯಕ. 1080 × 1080 ಮತ್ತು 1080 × 1350 ಎರಡೂ 1600ರ ಒಳಗಿರುವುದರಿಂದ ಅಳತೆ ಬದಲಾಗದೆ ತಲುಪುತ್ತವೆ. 1080 × 1920 ಮಾತ್ರ 900 × 1600 ಆಗಿ ಕುಗ್ಗುತ್ತದೆ. ಕಂಪ್ಯೂಟರಿನಲ್ಲಿ 30 ಪಿಕ್ಸೆಲ್ ಇದ್ದ ಅಕ್ಷರ 25 ಪಿಕ್ಸೆಲ್ ಆಗಿ ಹೋಗಿ, ದೊಡ್ಡಮ್ಮನ ಫೋನಿನಲ್ಲಿ ಮತ್ತೆ ಪರದೆಯ ಅಗಲಕ್ಕೆ ಹಿಗ್ಗುತ್ತದೆ. ಗಾತ್ರ ಅಷ್ಟೇ ಕಂಡರೂ ಒಳಗಿನ ಮಾಹಿತಿ ಕಡಿಮೆಯಾಗಿರುತ್ತದೆ. ೬ ಮತ್ತು ೯ ಬೇರೆಯಾಗುವುದು ಬಾಲದ ತಿರುವಿನಲ್ಲಿ. ಮೂರು ಪಿಕ್ಸೆಲ್ ದಪ್ಪದ ಆ ಬಾಲ ಎರಡೂವರೆ ಪಿಕ್ಸೆಲ್‌ಗೆ ಇಳಿದಾಗ ಅಂಚು ಮಸುಕಾಗಿ ಹಿನ್ನೆಲೆಯೊಡನೆ ಬೆರೆತುಹೋಗುತ್ತದೆ.

ಅಚ್ಚಿಗಾಗಿ ಮಾಡಿದ ಲಗ್ನಪತ್ರಿಕೆಯ ಕಡತವನ್ನೇ ಚಿತ್ರವನ್ನಾಗಿ ಮಾಡಿ ಕಳುಹಿಸುವ ರೂಢಿ ಬಹಳ ಇದೆ. ಅದು ಏಕೆ ಸರಿಹೊಂದುವುದಿಲ್ಲವೆಂಬುದಕ್ಕೂ ಇಲ್ಲೇ ಉತ್ತರವಿದೆ. ಐದು ಇಂಚು ಅಗಲ, ಏಳು ಇಂಚು ಎತ್ತರದ ಪತ್ರಿಕೆ ಕೈಯಲ್ಲಿ ಹಿಡಿದಾಗ 127 ಮಿಲಿಮೀಟರ್ ಅಗಲವಾಗಿರುತ್ತದೆ. ಫೋನಿನಲ್ಲಿ ಅದೇ 68 ಮಿಲಿಮೀಟರಿಗೆ ಇಳಿಯುತ್ತದೆ. ಕಾಗದದ ಮೇಲೆ 10 ಪಾಯಿಂಟ್ ಇದ್ದ ಅಕ್ಷರ ಐದೂವರೆ ಪಾಯಿಂಟಿನಂತೆ ಕಾಣುತ್ತದೆ. ಅಚ್ಚಿನ ಕಡತದಲ್ಲಿ ಎಷ್ಟೇ ಪಿಕ್ಸೆಲ್‌ಗಳಿದ್ದರೂ ಈ ಇಳಿಕೆಯನ್ನು ತಪ್ಪಿಸಲಾಗದು. ಮೊಬೈಲಿಗೆ ಬೇರೆಯೇ ವಿನ್ಯಾಸ ಬೇಕು. ಈ ಮಾತನ್ನು ಗ್ರಾಹಕರಿಗೆ ನಾನು ಈಗ ಮೊದಲೇ ಹೇಳುತ್ತೇನೆ.

2023ರಲ್ಲಿ ವಾಟ್ಸ್‌ಆ್ಯಪ್‌ಗೆ HD ಎಂಬ ಆಯ್ಕೆ ಸೇರಿತು. ಕಳುಹಿಸುವ ಮೊದಲು ಮೇಲ್ಗಡೆ ಕಾಣುವ HD ಗುರುತನ್ನು ಒತ್ತಿದರೆ ಉದ್ದನೆಯ ಚಿತ್ರದ ಅಳತೆ ಉಳಿಯುತ್ತದೆ. ಆದರೆ ಆಗಲೂ ಒತ್ತುವಿಕೆ ಇದ್ದೇ ಇದೆ, ತೂಕವೂ ಹೆಚ್ಚುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಕಡತ ಒಂದು ಬೈಟೂ ಬದಲಾಗದೆ ಹೋಗುತ್ತದೆ. ಟೆಲಿಗ್ರಾಮ್‌ನಲ್ಲಿ ಫೈಲ್ ಎಂದು ಕಳುಹಿಸಿದಾಗಲೂ ಹಾಗೆಯೇ. ತೊಡಕೆಂದರೆ, ಡಾಕ್ಯುಮೆಂಟ್ ಆಗಿ ಬಂದದ್ದು ಚಾಟ್‌ನಲ್ಲಿ ಕರೆಯೋಲೆಯಾಗಿ ಅರಳಿ ಕಾಣುವುದಿಲ್ಲ. ಕಡತದ ಹೆಸರನ್ನು ಹೊತ್ತ ಪಟ್ಟಿಯಾಗಿ ಬರುತ್ತದೆ. ಅದನ್ನು ಒತ್ತಿ ತೆರೆಯಬೇಕೆಂದು ತಿಳಿಯದ ಹಿರಿಯರಿಗೆ ಕರೆ ಬಂದಂತೆಯೇ ಆಗುವುದಿಲ್ಲ. ಆದ್ದರಿಂದ ಮುಖ್ಯ ಕರೆಯೋಲೆಯನ್ನು ಫೋಟೋ ಆಗಿಯೇ ಕಳುಹಿಸಬೇಕು, ಸಾಧಾರಣ ಗುಣಮಟ್ಟದಲ್ಲಿ ಕಳುಹಿಸಿದರೂ ಓದಿಸಿಕೊಳ್ಳುವಂತೆ ಅದನ್ನು ಸಿದ್ಧಪಡಿಸಬೇಕು ಎಂಬುದು ನನ್ನ ನಿಲುವು. ನೆಂಟರು ತಮ್ಮ ತಮ್ಮವರಿಗೆ ಕಳುಹಿಸುವಾಗ HD ಗುರುತನ್ನು ಒತ್ತುತ್ತಾರೆಂದು ನಂಬಿ ಕೂರುವಂತಿಲ್ಲ.

ತೆರೆಯುವ ಮೊದಲು, ತೆರೆದ ಮೇಲೆ

ಚಾಟ್‌ನ ಒಳಗೆ, ಇನ್ನೂ ಒತ್ತಿ ತೆರೆಯದಿರುವಾಗ ಕಾಣುವ ನೋಟದಲ್ಲಿ ಚೌಕದ ಬಲ ತಿಳಿಯುತ್ತದೆ. ಚೌಕದ ಚಿತ್ರ ಅಲ್ಲಿ ಇಡಿಯಾಗಿ ಕಾಣುತ್ತದೆ. ತೀರ ಉದ್ದನೆಯ ಚಿತ್ರದ ತಲೆ ಮತ್ತು ಬುಡವನ್ನು ಆ್ಯಪ್ ಕತ್ತರಿಸಿ ನಡುಭಾಗವನ್ನಷ್ಟೇ ತೋರಿಸುತ್ತದೆ. ವಧುವರರ ಹೆಸರು ಮೇಲೆ, ಸ್ಥಳ ಕೆಳಗೆ ಇರುವ 1920ರ ಚಿತ್ರದಲ್ಲಿ ಮೊದಲ ನೋಟಕ್ಕೆ ಸಿಗುವುದು ನಡುವಿನ ಹೂಬಳ್ಳಿಯೂ ತಂದೆತಾಯಿಗಳ ಹೆಸರಿನ ಅರ್ಧವೂ. 1350ರ ಚಿತ್ರ ಚಾಟ್‌ನಲ್ಲಿ ಹೆಚ್ಚುಕಡಿಮೆ ಇಡಿಯಾಗಿಯೇ ಕಾಣುತ್ತದೆ. ಆದರೂ ಮೇಲಿನ ಮತ್ತು ಕೆಳಗಿನ ಅಂಚಿಗೆ ಒತ್ತಿಕೊಂಡಂತೆ ಮುಖ್ಯ ಸಾಲನ್ನು ಇಡದಿರುವುದು ಕ್ಷೇಮ.

ಚಾಟ್‌ನಲ್ಲಿ ಚಿತ್ರದ ಅಗಲ ಪರದೆಯ ಸುಮಾರು ಮುಕ್ಕಾಲು ಭಾಗ. 44 ಪಿಕ್ಸೆಲ್‌ನ ಸಾಲು ಅಲ್ಲಿ ಎರಡು ಮಿಲಿಮೀಟರಿಗೆ ಇಳಿಯುವುದರಿಂದ ಅದನ್ನು ಓದುವುದು ಕಷ್ಟವೇ. ಆದರೆ 80 ಪಿಕ್ಸೆಲ್‌ನ ಹೆಸರು, 60 ಪಿಕ್ಸೆಲ್‌ನ ದಿನಾಂಕ ಮತ್ತು ಸಮಯವನ್ನು ತೆರೆಯದೆಯೂ ಓದಬಹುದು. ಹೀಗಾಗಿ ಯಾವ ಆಕಾರವನ್ನು ಆರಿಸಿದರೂ ಎರಡು ಹಂತದ ಅಕ್ಷರಗಳು ಬೇಕು: ತೆರೆಯುವ ಮೊದಲೇ ತಿಳಿಯಬೇಕಾದವು, ತೆರೆದ ಮೇಲೆ ತಿಳಿದರೆ ಸಾಕಾದವು.

ನಾಲ್ಕು ಅಥವಾ ಹೆಚ್ಚು ಚಿತ್ರಗಳನ್ನು ಒಟ್ಟಿಗೆ ಕಳುಹಿಸಿದರೆ ಆ್ಯಪ್ ಅವುಗಳನ್ನು ಚೌಕದ ಮನೆಗಳಲ್ಲಿ ಜೋಡಿಸಿ ತೋರಿಸುತ್ತದೆ. ಅರಿಶಿನ ಶಾಸ್ತ್ರ, ವರಪೂಜೆ, ಧಾರೆ, ಆರತಕ್ಷತೆ ಎಂದು ಒಂದೊಂದಕ್ಕೂ ಬೇರೆ ಬೇರೆ ಚಿತ್ರ ಮಾಡುವ ಮನೆಗಳಿಗೆ ಚೌಕವೇ ಸರಿ. ಉದ್ದನೆಯವು ಅಲ್ಲಿ ಎರಡೂ ತುದಿ ಕಳೆದುಕೊಳ್ಳುತ್ತವೆ.

ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದಿಟ್ಟುಕೊಳ್ಳುವ ಕಚೇರಿಯ ಮಂದಿಯನ್ನು ನಾವು ಮರೆಯುತ್ತೇವೆ. ಅಲ್ಲಿ ಪರದೆ ಅಡ್ಡವಾಗಿರುವುದರಿಂದ ಚಿತ್ರವನ್ನು ಹಿಡಿದು ನಿಲ್ಲಿಸುವುದು ಎತ್ತರ. 1366 × 768 ಪರದೆಯಲ್ಲಿ ಚಿತ್ರಕ್ಕೆ ಸುಮಾರು 600 ಪಿಕ್ಸೆಲ್ ಎತ್ತರ ಸಿಕ್ಕಿತೆಂದುಕೊಳ್ಳಿ. ಚೌಕದೊಳಗಿನ 44 ಪಿಕ್ಸೆಲ್‌ನ ಅಕ್ಷರ 24 ಆಗಿ ಕಾಣುತ್ತದೆ, 1350ರೊಳಗಿನದು ಸುಮಾರು 20 ಆಗಿ ಕಾಣುತ್ತದೆ, 1920ರೊಳಗಿನದು 14ಕ್ಕೂ ಕೆಳಗೆ ಇಳಿಯುತ್ತದೆ. ಸಹೋದ್ಯೋಗಿಗಳಿಗೆ ಕಳುಹಿಸುವ ಕರೆಯೋಲೆಯಾದರೆ ಪೂರ್ಣ ಉದ್ದವನ್ನು ಕೈಬಿಡುವುದಕ್ಕೆ ಇದೊಂದೇ ಕಾರಣ ಸಾಕು.

ತೂಕವಿರುವುದು ಹಿನ್ನೆಲೆಯಲ್ಲಿ

ಆಕಾರದಿಂದ ತೂಕ ಬದಲಾಗುವುದು ಹೌದು. ಚೌಕದಲ್ಲಿ ಸುಮಾರು 11.7 ಲಕ್ಷ ಪಿಕ್ಸೆಲ್‌ಗಳು, 1350ರದರಲ್ಲಿ 14.6 ಲಕ್ಷ, 1920ರದರಲ್ಲಿ 20.7 ಲಕ್ಷ. ಆದರೆ ಹಿನ್ನೆಲೆಯಿಂದ ಆಗುವ ವ್ಯತ್ಯಾಸದ ಮುಂದೆ ಇದು ಚಿಕ್ಕದು. ಜೆಪೆಗ್ ವಿಧಾನ ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ತುಣುಕುಗಳಾಗಿ ಕೊಯ್ದು, ಪ್ರತಿ ತುಣುಕಿನಲ್ಲಿ ಎಷ್ಟು ಏರಿಳಿತವಿದೆ ಎಂಬುದನ್ನು ಬರೆದಿಡುತ್ತದೆ. ಸಾದಾ ಬಣ್ಣದ ತುಣುಕಿಗೆ ಬಹುತೇಕ ಏನೂ ಬರೆಯಬೇಕಾಗಿಲ್ಲ. ಮಲ್ಲಿಗೆ ಮೊಗ್ಗುಗಳ ಫೋಟೋ, ಚಿನ್ನದ ಪುಡಿ ಉದುರಿಸಿದಂತಹ ಮಿನುಗು, ಹಳೆಯ ಕಾಗದದ ಒರಟು, ರೇಷ್ಮೆಯ ನೇಯ್ಗೆ ಇವೆಲ್ಲ ಪ್ರತಿ ತುಣುಕಿನಲ್ಲೂ ಏರಿಳಿತವನ್ನು ತುಂಬುತ್ತವೆ. ನನ್ನ ಅನುಭವದಲ್ಲಿ ಸಾದಾ ಹಿನ್ನೆಲೆಯ 1080 × 1350 ಚಿತ್ರ ಜೆಪೆಗ್ ಉಳಿಸುವಾಗ ಆರಿಸುವ ಗುಣಮಟ್ಟದ ಸಂಖ್ಯೆ 85 ಇದ್ದರೆ 200 ಕೆಬಿ ಆಸುಪಾಸಿನಲ್ಲಿ ನಿಲ್ಲುತ್ತದೆ; ಅದೇ ಬರಹ ಮಿನುಗಿನ ಹಿನ್ನೆಲೆಯ ಮೇಲೆ ಅದರ ಮೂರು ಪಟ್ಟು ತೂಗುತ್ತದೆ.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಆ್ಯಪ್ ಚಿತ್ರವನ್ನು ಒತ್ತುವಾಗ ಸಣ್ಣ ಏರಿಳಿತಗಳನ್ನೇ ಮೊದಲು ಕೈಬಿಡುತ್ತದೆ. ಅದಕ್ಕೆ ಹೂವಿನ ಎಸಳು ಯಾವುದು, 'ಧ'ದ ಸೀಳು ಯಾವುದು ಎಂದು ತಿಳಿಯದು. ಒಂದೇ ತುಣುಕಿನಲ್ಲಿ ಎರಡೂ ಇದ್ದರೆ ಎರಡೂ ಕಲಸಿ, ಅಕ್ಷರದ ಸುತ್ತ ಸಣ್ಣ ಚುಕ್ಕೆಗಳ ಕೊಳೆ ಕೂರುತ್ತದೆ. ಅಕ್ಷರದ ಹಿಂದೆ ಸಾದಾ ಬಣ್ಣವಿದ್ದರೆ ಆ ತುಣುಕಿನಲ್ಲಿ ಅಕ್ಷರದ ಅಂಚೊಂದೇ ಇರುವುದರಿಂದ ಅದು ಬಹಳ ಮಟ್ಟಿಗೆ ಉಳಿದುಕೊಳ್ಳುತ್ತದೆ. ಹೂವು, ತೋರಣ, ಬಾಳೆಕಂದು ಬೇಡವೆಂದು ನಾನು ಹೇಳುತ್ತಿಲ್ಲ. ಮದುವೆಯ ಕರೆಯೋಲೆಗೆ ಅವು ಇದ್ದರೇ ಚೆಂದ. ಅವು ಅಂಚಿನಲ್ಲಿರಲಿ, ಬರಹವಿರುವ ನಡುಭಾಗ ಒಂದೇ ಬಣ್ಣದ ಹಲಗೆಯಾಗಿರಲಿ.

ತೂಕ ಇಳಿಸುವ ಆತುರದಲ್ಲಿ ಗುಣಮಟ್ಟವನ್ನು 50ಕ್ಕೋ 60ಕ್ಕೋ ಇಳಿಸಿ ಉಳಿಸುವುದು ಸರಿಯಲ್ಲ. ನೀವು ಒಮ್ಮೆ ಒತ್ತಿದ್ದನ್ನು ಆ್ಯಪ್ ಮತ್ತೊಮ್ಮೆ ಒತ್ತುವುದರಿಂದ ಕೊಳೆಯ ಮೇಲೆ ಕೊಳೆ ಸೇರುತ್ತದೆ. 85ರಿಂದ 90ರ ಗುಣಮಟ್ಟದಲ್ಲಿ ಉಳಿಸಿ, 300 ಕೆಬಿ ದಾಟಿದರೆ ಹಿನ್ನೆಲೆಯನ್ನು ಸರಳಗೊಳಿಸಬೇಕು. ಈ 300 ಕೆಬಿ ಎಂಬುದು ಯಾರೋ ಹಾಕಿದ ನಿಯಮವಲ್ಲ. ಸಿಗ್ನಲ್ ಒಂದೇ ಕಡ್ಡಿ ಇರುವ ಮಲೆನಾಡಿನ ಮನೆಗಳಿಗೆ ತಲುಪಿಸಿ ನೋಡಿ ನಾನು ಇಟ್ಟುಕೊಂಡ ಗೆರೆ. ಫೋಟೋಗಳು ತಾವಾಗಿಯೇ ಇಳಿಯದಂತೆ ಆಯ್ಕೆ ಬದಲಿಸಿಕೊಂಡವರ ಫೋನಿನಲ್ಲಿ ಮೊದಲು ಕಾಣುವುದು ಮಸುಕು ಚಿತ್ರ ಮತ್ತು ಅದರ ಮೇಲೆ ತೂಕದ ಸಂಖ್ಯೆ. ಅಲ್ಲಿ 200 ಕೆಬಿ ಎಂದಿದ್ದರೆ ಒತ್ತುವ ಕೈ, ದೊಡ್ಡ ಸಂಖ್ಯೆ ಕಂಡರೆ ಆಮೇಲೆ ನೋಡೋಣವೆನ್ನುತ್ತದೆ.

ಪಿಎನ್‌ಜಿ ಆಗಿ ಉಳಿಸಿದರೆ ಅಕ್ಷರ ತೀಕ್ಷ್ಣವಾಗಿರುತ್ತದೆಂಬುದು ನಿಜ, ಆದರೆ ಕಂಪ್ಯೂಟರಿನಲ್ಲಿ ಮಾತ್ರ. ಫೋಟೋ ಎಂದು ಕಳುಹಿಸಿದ ಕೂಡಲೇ ಆ್ಯಪ್ ಅದನ್ನೂ ಜೆಪೆಗ್ ಮಾಡುತ್ತದೆ. ನನ್ನ ಮೊದಲ ಕರೆಯೋಲೆ 3 ಎಂಬಿ ದಾಟಿದ ಪಿಎನ್‌ಜಿ ಆಗಿತ್ತು; ಆ ತೂಕದಿಂದ ದೊಡ್ಡಮ್ಮನಿಗೆ ಏನೂ ಪ್ರಯೋಜನವಾಗಲಿಲ್ಲ. ಪಿಎನ್‌ಜಿಯನ್ನು ಮೂಲವಾಗಿ ಇಟ್ಟುಕೊಂಡು, ಕಳುಹಿಸುವುದಕ್ಕೆ ಅದರಿಂದ ಜೆಪೆಗ್ ತೆಗೆಯುವುದು ಸರಿಯಾದ ಕ್ರಮ. ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಇರುವವರು ಹೀಗೆ ಒಂದೇ ಸಾಲಿನಲ್ಲಿ ಮಾಡಬಹುದು:

```
magick kareyole.png -resize 1080x -quality 88 kareyole.jpg
```

ಬಣ್ಣದ ಆಯ್ಕೆ

ಕರೆಯೋಲೆಗೆ ಕೆಂಪು, ಹಳದಿ, ಹಸಿರು ನಮಗೆ ಮಂಗಳದ ಬಣ್ಣಗಳು. ಅವುಗಳನ್ನು ಬಿಡಬೇಕಾಗಿಲ್ಲ, ಆದರೆ ಯಾವುದರ ಮೇಲೆ ಯಾವುದು ಎಂಬುದು ಮುಖ್ಯ. ಫೋಟೋವನ್ನು ಒತ್ತುವಾಗ ಸಾಮಾನ್ಯವಾಗಿ ಬೆಳಕು ಮತ್ತು ಬಣ್ಣವನ್ನು ಬೇರ್ಪಡಿಸಿ, ಬೆಳಕನ್ನು ಪೂರ್ಣ ಅಳತೆಯಲ್ಲಿ ಉಳಿಸಿ, ಬಣ್ಣವನ್ನು ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧಕ್ಕೆ ಇಳಿಸಲಾಗುತ್ತದೆ. ಮುಖಗಳ ಫೋಟೋದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಬರಹದಲ್ಲಿ ಬೀಳುತ್ತದೆ: ಅಕ್ಷರ ಮತ್ತು ಹಿನ್ನೆಲೆ ಬರಿಯ ಬಣ್ಣದಲ್ಲಿ ಬೇರೆಯಾಗಿದ್ದು ಬೆಳಕಿನಲ್ಲಿ ಒಂದೇ ಆಗಿದ್ದರೆ, ಅಕ್ಷರದ ಅಂಚು ಅರ್ಧ ಅಳತೆಯ ಮಸುಕಾಗಿ ಹರಡುತ್ತದೆ.

ಬೆಳಕಿನ ಮಟ್ಟವನ್ನು ಲೆಕ್ಕ ಹಾಕಬಹುದು. ಕೆಂಪಿನ 0.299 ಪಾಲು, ಹಸಿರಿನ 0.587 ಪಾಲು, ನೀಲಿಯ 0.114 ಪಾಲು ಕೂಡಿದರೆ ಅದು ಸಿಗುತ್ತದೆ. ಅಚ್ಚ ಕೆಂಪಿಗೆ, ಅಂದರೆ ಕೆಂಪು 255, ಹಸಿರು 0, ನೀಲಿ 0 ಇರುವ ಬಣ್ಣಕ್ಕೆ, 76 ಬರುತ್ತದೆ. 0, 128, 0 ಎಂಬ ಎಲೆ ಹಸಿರಿಗೆ 75. ನನ್ನ ಮೊದಲ ಕರೆಯೋಲೆಯ ಬಣ್ಣಗಳು ಇವೇ. ಕಣ್ಣಿಗೆ ಎದ್ದು ಕಾಣುತ್ತಿದ್ದ ಆ ಕೆಂಪು ಅಕ್ಷರಗಳು ಬೆಳಕಿನ ಲೆಕ್ಕದಲ್ಲಿ ಹಿನ್ನೆಲೆಯೊಳಗೆ ಮುಳುಗಿಯೇ ಇದ್ದವು. ಅಚ್ಚ ಹಳದಿಗೆ 226 ಬರುವುದರಿಂದ ಹಳದಿಯ ಮೇಲೆ ಕೆಂಪು ತಕ್ಕಮಟ್ಟಿಗೆ ನಿಲ್ಲುತ್ತದೆ. 128, 0, 0 ಎಂಬ ಮರೂನ್ ಬಣ್ಣಕ್ಕೆ 38; 255, 248, 220 ಎಂಬ ಕೆನೆ ಬಣ್ಣಕ್ಕೆ 247. ಇವೆರಡರ ನಡುವಿನ ಅಂತರ 209. ಕೆನೆಯ ಮೇಲೆ ಮರೂನ್ ಎಷ್ಟು ಒತ್ತಿದರೂ ಓದಿಸಿಕೊಳ್ಳುವುದು ಈ ಅಂತರದ ಬಲದಿಂದ. ಚಿನ್ನದ ಬಣ್ಣ ಸುಮಾರು 172ರಲ್ಲಿ ಕೂರುತ್ತದೆ: ಮರೂನ್ ಮೇಲೆ ಸರಿ, ಕೆನೆಯ ಮೇಲೆ ಬೇಡ. ಲೆಕ್ಕ ಬೇಡವೆನ್ನುವವರು ಚಿತ್ರವನ್ನು ಫೋನಿನಲ್ಲಿಯೇ ಕಪ್ಪುಬಿಳುಪಿಗೆ ತಿರುಗಿಸಿ ನೋಡಿದರೆ ಸಾಕು. ಅಲ್ಲಿ ಸಲೀಸಾಗಿ ಓದಲು ಬಂದರೆ ಒತ್ತಿದ ಮೇಲೂ ಬರುತ್ತದೆ.

ಎರಡನೆಯ ಸಲ ಮಾಡಿದ ಕರೆಯೋಲೆ

ಎರಡನೆಯ ಸಲ 1080 × 1350 ಆರಿಸಿದೆ. ಚೌಕದ ಹನ್ನೆರಡು ಸಾಲುಗಳಲ್ಲಿ ಎರಡು ಹೆಸರುಗಳಿಗೂ ಮುಹೂರ್ತಕ್ಕೂ ದೊಡ್ಡ ಅಕ್ಷರ ಕೊಟ್ಟರೆ ಉಳಿದ ಸಾಲುಗಳು ಎರಡೂ ಮನೆಯವರಿಗೆ ಸಾಲುತ್ತಿರಲಿಲ್ಲ. ಗೃಹಪ್ರವೇಶ, ನಾಮಕರಣ, ಸತ್ಯನಾರಾಯಣ ಪೂಜೆಯಂತಹ ಒಂದೇ ಮನೆಯ ಕಾರ್ಯವಾಗಿದ್ದರೆ ಎಂಟು ಹತ್ತು ಸಾಲುಗಳಲ್ಲಿ ವಿಷಯ ಮುಗಿಯುತ್ತದೆ; ಅಲ್ಲಿ ನಾನು ಕಣ್ಣುಮುಚ್ಚಿ ಚೌಕವನ್ನೇ ಆರಿಸುತ್ತೇನೆ.

ಮದುವೆಯದರಲ್ಲಿ ಜಾಗವನ್ನು ಹೀಗೆ ಹಂಚಿದೆ. ಮೇಲೆ ಕೆಳಗೆ ತಲಾ 90 ಪಿಕ್ಸೆಲ್ ಅಂಚು ಕಳೆದು ಉಳಿದದ್ದು 1170. ವಧು ಮತ್ತು ವರನ ಹೆಸರುಗಳಿಗೆ 84 ಪಿಕ್ಸೆಲ್‌ನ ಎರಡು ಸಾಲು, ಒಟ್ಟು 252. ದಿನಾಂಕ ಮತ್ತು ಧಾರಾಮುಹೂರ್ತದ ಸಮಯಕ್ಕೆ 60 ಪಿಕ್ಸೆಲ್‌ನ ಎರಡು ಸಾಲು, ಒಟ್ಟು 192. ಕುಲದೇವತಾ ಪ್ರಸನ್ನ, ಕರೆಯುವ ಮಾತು, ಎರಡೂ ಕಡೆಯ ತಂದೆತಾಯಿ, ಛತ್ರದ ಹೆಸರು, ಊರು, ಆರತಕ್ಷತೆಯ ಸಮಯ ಇತ್ಯಾದಿ ಒಂಬತ್ತು ಸಾಲುಗಳಿಗೆ 44 ಪಿಕ್ಸೆಲ್‌ನಂತೆ 630. ಎಲ್ಲ ಸೇರಿ 1074 ಆಗಿ, ಭಾಗಗಳ ನಡುವೆ ಉಸಿರಾಡಲು 96 ಪಿಕ್ಸೆಲ್ ಉಳಿಯಿತು. ಕೆನೆ ಬಣ್ಣದ ಹಲಗೆ, ಮರೂನ್ ಅಕ್ಷರ. ಬಾಳೆ ಎಲೆಯ ಹಸಿರು ಅಂಚಿನಲ್ಲಿ ಮಾತ್ರ. ಸಮಯವನ್ನು 9-36 ಎಂದು ಬರೆದು, ಅದರ ಮುಂದೆ 'ಬೆಳಗ್ಗೆ ಒಂಬತ್ತೂವರೆಯ ನಂತರ' ಎಂದು ಅಕ್ಷರದಲ್ಲಿಯೂ ಸೇರಿಸಿದೆ. ಕನ್ನಡ ಅಂಕಿಗಳ ಮೇಲೆ ನನಗೆ ಅಕ್ಕರೆ ಇದೆ. ಅವು ಅಚ್ಚಿನ ಪತ್ರಿಕೆಯಲ್ಲಿ ಹಾಗೆಯೇ ಉಳಿದವು. ಒತ್ತಿ ಕಳುಹಿಸುವ ಚಿತ್ರದಲ್ಲಿ ಸಮಯದ ವಿಷಯಕ್ಕೆ ಮಾತ್ರ ಆ ಅಕ್ಕರೆಯನ್ನು ಬದಿಗಿಟ್ಟೆ.

ಫಾಂಟ್ ಆರಿಸುವಾಗ ಗೆರೆಯ ದಪ್ಪ ಎಲ್ಲ ಕಡೆ ಒಂದೇ ಸಮ ಇರುವ ನೋಟೋ ಸ್ಯಾನ್ಸ್ ಕನ್ನಡವನ್ನು ಸಣ್ಣ ಸಾಲುಗಳಿಗೆ, ದುಂಡಗೆ ದಪ್ಪಗಿರುವ ಬಾಲೂ ತಮ್ಮವನ್ನು ಹೆಸರುಗಳಿಗೆ ಬಳಸಿದೆ. ಕೆಲವು ಕಡೆ ದಪ್ಪ, ಕೆಲವು ಕಡೆ ಕೂದಲೆಳೆಯಾಗುವ ಅಲಂಕಾರದ ಫಾಂಟುಗಳಲ್ಲಿ ಆ ಕೂದಲೆಳೆಯೇ ಮೊದಲು ಮಾಯವಾಗುತ್ತದೆ. ತಂತ್ರಾಂಶದ ಒಂದು ತೊಂದರೆಯನ್ನೂ ಗಮನಿಸಿ: ಭಾರತೀಯ ಲಿಪಿಗಳ ಜೋಡಣೆಯನ್ನು ಚಾಲೂ ಮಾಡದಿದ್ದರೆ ಕೆಲವು ತಂತ್ರಾಂಶಗಳಲ್ಲಿ 'ಮುಹೂರ್ತ' ಎಂಬುದು 'ಮುಹೂರ್‌ತ' ಎಂದು ಒಡೆದು ನಿಲ್ಲುತ್ತದೆ. ಇದು ಒತ್ತುವಿಕೆಯಿಂದ ಆದದ್ದಲ್ಲವಾದ್ದರಿಂದ ಎಷ್ಟು HD ಕಳುಹಿಸಿದರೂ ಸರಿಯಾಗದು.

ಹದಿಮೂರು ಸಾಲುಗಳಲ್ಲಿ ಹಿಡಿಯದೆ ಉಳಿದದ್ದು ಸುಖಾಗಮನ ಬಯಸುವವರ ಹೆಸರುಗಳ ಪಟ್ಟಿ. ಅದನ್ನು ಕೈಬಿಟ್ಟರೆ ಮನೆಯ ಹಿರಿಯರಿಗೆ ನೋವಾಗುತ್ತದೆ, ಆ ನೋವು ನ್ಯಾಯವೂ ಹೌದು. ಪೂರ್ತಿ ಲಗ್ನಪತ್ರಿಕೆಯನ್ನು ಪಿಡಿಎಫ್ ಮಾಡಿ ಚಿತ್ರದ ಹಿಂದೆಯೇ ಕಳುಹಿಸಿದೆವು. ಅದನ್ನು ಹಿಗ್ಗಿಸಿದಷ್ಟೂ ಅಕ್ಷರ ತೀಕ್ಷ್ಣವಾಗಿಯೇ ಇರುತ್ತದೆ. ಛತ್ರದ ನಕ್ಷೆಯ ಕೊಂಡಿಯನ್ನು ಚಿತ್ರದ ಕೆಳಗಿನ ಬರಹದಲ್ಲಿ ಹಾಕಿದೆ, ಏಕೆಂದರೆ ಚಿತ್ರದೊಳಗೆ ಅಚ್ಚಾದ ಕೊಂಡಿಯನ್ನು ಒತ್ತಿ ತೆರೆಯಲಾಗದು, ತನ್ನದೇ ಪರದೆಯ ಮೇಲಿನ ಕ್ಯೂಆರ್ ಚೌಕಕ್ಕೆ ಫೋನು ತನ್ನ ಕ್ಯಾಮೆರಾ ಹಿಡಿಯಲಾರದು. ದಿನ, ಸಮಯ, ಸ್ಥಳವನ್ನು ಅದೇ ಬರಹದಲ್ಲಿ ಮತ್ತೊಮ್ಮೆ ಟೈಪಿಸಿದ್ದರಿಂದ, ಕಣ್ಣು ಕಾಣದ ನಮ್ಮ ಸೋದರಮಾವನಿಗೆ ಫೋನೇ ಅದನ್ನು ಓದಿ ಹೇಳಿತು. ಚಿತ್ರದೊಳಗಿನ ಅಕ್ಷರವನ್ನು ಹಾಗೆ ಓದಿಸುವುದು ನೆಚ್ಚಿಕೊಳ್ಳುವಂಥದ್ದಲ್ಲ.

1080 × 1920 ಚಿತ್ರವನ್ನೂ ಮಾಡಿದೆ, ಸ್ಟೇಟಸ್‌ಗಾಗಿ ಮಾತ್ರ. ಅದರಲ್ಲಿ ಇಬ್ಬರ ಹೆಸರು, ದಿನಾಂಕ, ಊರು ಇಷ್ಟೇ, ಎಲ್ಲವೂ 70 ಪಿಕ್ಸೆಲ್‌ಗಿಂತ ದೊಡ್ಡದು. ಕೆಲವೇ ಕ್ಷಣ ನಿಂತು ಸರಿದುಹೋಗುವ, 24 ಗಂಟೆಯಲ್ಲಿ ಅಳಿಸಿಹೋಗುವ ಜಾಗದಲ್ಲಿ ಅದಕ್ಕಿಂತ ಹೆಚ್ಚನ್ನು ಯಾರೂ ಓದುವುದಿಲ್ಲ. ಆ ಆಕಾರಕ್ಕೆ ಅದೇ ತಕ್ಕ ಕೆಲಸ.

ಕಳುಹಿಸುವ ಮೊದಲು

ಹೊಸ ಚಿತ್ರ 230 ಕೆಬಿ ಬಂತು. ಎಲ್ಲರಿಗೂ ಕಳುಹಿಸುವ ಮೊದಲು ಮನೆಯಲ್ಲಿದ್ದ ಹಳೆಯ, ಚಿಕ್ಕ ಪರದೆಯ ಫೋನಿಗೆ ಸಾಧಾರಣ ಗುಣಮಟ್ಟದಲ್ಲಿ ಕಳುಹಿಸಿ, ಹಿಗ್ಗಿಸದೆ, ಕೈಯಳತೆಯ ದೂರದಲ್ಲಿ ಹಿಡಿದು, ಬರಹವನ್ನು ಬರೆಯದವರೊಬ್ಬರಿಂದ ಓದಿಸಿದೆ. ಬರೆದವರ ಕಣ್ಣು ಇಲ್ಲದ ಸೀಳನ್ನೂ ಓದಿಕೊಳ್ಳುತ್ತದೆ, ಆದ್ದರಿಂದ ನಾನೇ ಓದಿ ನೋಡುವುದರಲ್ಲಿ ಅರ್ಥವಿರಲಿಲ್ಲ. ಅವರು ತಡವರಿಸಿದ್ದು ಒಂದೇ ಕಡೆ, ಛತ್ರದ ಹೆಸರಿನಲ್ಲಿದ್ದ 'ಭ'ದ ಬಳಿ. ಆ ಸಾಲನ್ನು 44ರಿಂದ 50ಕ್ಕೆ ಏರಿಸಿದೆ.

ಹಂಚುವವರಿಗೆ ಒಂದು ಮಾತನ್ನು ತಿಳಿಸಿದ್ದೆವು: ಚಿತ್ರವನ್ನು ಚಾಟ್‌ನಿಂದಲೇ ಫಾರ್ವರ್ಡ್ ಮಾಡಬೇಕು. ಫಾರ್ವರ್ಡ್ ಮಾಡಿದಾಗ ಈಗಾಗಲೇ ಒತ್ತಿದ ಅದೇ ಕಡತ ಮುಂದೆ ಹೋಗುತ್ತದೆ. ಗ್ಯಾಲರಿಯಿಂದ ತೆಗೆದು ಹೊಸದಾಗಿ ಕಳುಹಿಸಿದರೆ ಇನ್ನೊಂದು ಸಲ ಒತ್ತುತ್ತದೆ, ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿದರೆ ಫೋನಿನ ಅಂಚು, ಸಮಯದ ಪಟ್ಟಿ ಎಲ್ಲವೂ ಸೇರಿ ಅಕ್ಷರ ಮತ್ತಷ್ಟು ಕುಗ್ಗುತ್ತದೆ. ನಾಲ್ಕನೆಯ ಕೈ ದಾಟಿ ನನ್ನ ಫೋನಿಗೇ ಮರಳಿ ಬಂದ ಪ್ರತಿಯನ್ನು ತೆರೆದು ವಿವರ ನೋಡಿದೆ; ಅಳತೆ 1080 × 1350 ಆಗಿಯೇ ಇತ್ತು, ಮುಹೂರ್ತದ ಸಾಲು ಹಿಗ್ಗಿಸದೆ ಓದಲು ಬಂತು. ದೊಡ್ಡಮ್ಮ ಮತ್ತೆ ಫೋನ್ ಮಾಡಿದ್ದು, ತೀರ್ಥಹಳ್ಳಿಯಿಂದ ಎಷ್ಟು ಗಂಟೆಗೆ ಹೊರಟರೆ ಒಂಬತ್ತಕ್ಕೆ ಛತ್ರ ಸೇರಬಹುದು ಎಂದು ಕೇಳುವುದಕ್ಕೆ.